ಪ್ರಕಟಣೆಯ ಮರ್ಯಾದೆ ಇರುವುದು ಕ್ರಿಯಾಪದದಲ್ಲಿ

"ಸಾಮಾನ್ಯ ಪ್ರದೇಶದ ನಲ್ಲಿಗಳಿಂದ ನೀರನ್ನು ಸೆಳೆಯುವುದು ಕಂಡುಬಂದ ಯಾವುದೇ ನಿವಾಸಿಯು 500 ರೂಪಾಯಿ ದಂಡಕ್ಕೆ ಹೊಣೆಗಾರನಾಗಿರುತ್ತಾನೆ."

ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ ಇಂಥ ಕನ್ನಡ ಈಗ ಸಾಕಷ್ಟು ಕಾಣುತ್ತದೆ. ವ್ಯಾಕರಣ ತಪ್ಪಿಲ್ಲ, ಕಾಗುಣಿತವೂ ಸರಿ. ಆದರೆ ಓದಿದವರಿಗೆ ಮೊದಲು ಅರ್ಥವಾಗುವುದಿಲ್ಲ. ಅರ್ಥವಾದ ಮೇಲೆ ಸಿಟ್ಟು ಬರುತ್ತದೆ. ಎಂಬತ್ತು ದಾಟಿದ ನಿವೃತ್ತ ಮೇಷ್ಟ್ರು, ಮೂರನೇ ಮಹಡಿಯ ಡಾಕ್ಟರಮ್ಮ, ಬಾಡಿಗೆಗೆ ಬಂದ ಹೊಸ ದಂಪತಿ, ಎಲ್ಲರನ್ನೂ ಒಟ್ಟಿಗೆ 'ಆಗಿರುತ್ತಾನೆ' ಎಂದು ಕರೆದಾಗಿದೆ. ಇದರ ಮೂಲ ಇಂಗ್ಲಿಷ್ ವಾಕ್ಯ ಓದಿ ನೋಡಿದರೆ ಅದರಲ್ಲಿ ಯಾರಿಗೂ ಅಗೌರವ ಇಲ್ಲ. ಗಟ್ಟಿಯಾದ, ಸಭ್ಯವಾದ, ಕಚೇರಿ ಧಾಟಿಯ ಒಂದು ವಾಕ್ಯ ಅಷ್ಟೇ. ಅಗೌರವ ಹುಟ್ಟಿದ್ದು ದಾರಿಯಲ್ಲಿ.

ಈ ದಾರಿ ಮುಂಚೆ ಬೇರೆ ಇತ್ತು. ಸಂಘದಲ್ಲಿ ಕನ್ನಡ ಚೆನ್ನಾಗಿ ಬರೆಯುವವರೊಬ್ಬರು ಇರುತ್ತಿದ್ದರು, ಅವರ ಮನೆಗೆ ಹೋಗಿ ಬರೆಸಿಕೊಂಡು ಬರುತ್ತಿದ್ದರು. ಇಲ್ಲವಾದರೆ ಕನ್ನಡ ಪ್ರತಿಯೇ ಇರುತ್ತಿರಲಿಲ್ಲ. 2011ರಲ್ಲಿ ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಸೇರಿತು, 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂತು. ಈಗ ಕಾರ್ಯದರ್ಶಿಗಳು ಇಂಗ್ಲಿಷ್ ಪ್ರಕಟಣೆಯನ್ನು ಚಾಟ್‌ಬಾಟ್‌ಗೆ ಅಂಟಿಸಿ 'ಕನ್ನಡಕ್ಕೆ ಅನುವಾದಿಸು' ಎನ್ನುತ್ತಾರೆ. ಅರ್ಧ ನಿಮಿಷದಲ್ಲಿ ಕನ್ನಡ ಕೈಗೆ ಬರುತ್ತದೆ. ಕನ್ನಡ ಪ್ರತಿಯೇ ಇಲ್ಲದ ಕಡೆ ಒಂದು ಪ್ರತಿ ಬಂದದ್ದು ಒಳ್ಳೆಯದೇ ಆಯಿತು ಎನ್ನುವವಳು ನಾನು. ಆದರೆ ಆ ನಾಲ್ಕು ಸಾಲಿನ ಬದಲು ಇನ್ನೊಂದು ಹತ್ತು ನಿಮಿಷ ಕೊಟ್ಟರೆ ಅದೇ ಚಾಟ್‌ಬಾಟ್‌ನಿಂದ ಓದುವಂಥ ಕನ್ನಡ ಬರೆಸಬಹುದು. ಹೇಗೆ ಎನ್ನುವುದನ್ನು ಮೇಲಿನ ಪ್ರಕಟಣೆಯನ್ನೇ ಹಿಡಿದುಕೊಂಡು ನೋಡೋಣ.

ಮೂಲ ಪ್ರಕಟಣೆಯ ಸಾರ ಇಷ್ಟು. ಇದೇ 14ರ ಶನಿವಾರ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಸಂಪು ಮತ್ತು ಮೇಲಿನ ಟ್ಯಾಂಕ್‌ಗಳನ್ನು ತೊಳೆಯುತ್ತಾರೆ, ನೀರು ಇರುವುದಿಲ್ಲ. ಮುಂಚಿತವಾಗಿ ನೀರು ಹಿಡಿದಿಟ್ಟುಕೊಳ್ಳಬೇಕು. ಮನೆಯ ನಲ್ಲಿಗಳನ್ನು ಮುಚ್ಚಿಡಬೇಕು. ತೆರೆದಿಟ್ಟು ಏನಾದರೂ ಹಾಳಾದರೆ ಸಂಘ ಹೊಣೆಯಲ್ಲ. ಆವರಣದ ನಲ್ಲಿಗಳಲ್ಲಿ ನೀರು ಹಿಡಿದರೆ 500 ರೂಪಾಯಿ ದಂಡ. ಮನೆಗೆಲಸದವರಿಗೂ ಚಾಲಕರಿಗೂ ತಿಳಿಸಬೇಕು. ಕೊನೆಗೆ ಸಹಕಾರಕ್ಕೆ ಧನ್ಯವಾದ, ತೊಂದರೆಗೆ ವಿಷಾದ.

ಬರೀ 'ಅನುವಾದಿಸು' ಎಂದರೆ ಬರುವ ಕನ್ನಡ ಹೆಚ್ಚುಕಡಿಮೆ ಹೀಗಿರುತ್ತದೆ: "ಎಲ್ಲಾ ನಿವಾಸಿಗಳಿಗೆ ಈ ಮೂಲಕ ತಿಳಿಸಲಾಗುತ್ತದೆ ಏನೆಂದರೆ, ಸಂಪ್ ಮತ್ತು ಓವರ್‌ಹೆಡ್ ಟ್ಯಾಂಕ್‌ಗಳ ಸ್ವಚ್ಛಗೊಳಿಸುವಿಕೆಯ ಕಾರಣದಿಂದಾಗಿ ನೀರಿನ ಸರಬರಾಜು ಅಮಾನತುಗೊಳ್ಳುತ್ತದೆ. ನಿವಾಸಿಗಳಿಗೆ ಸಾಕಷ್ಟು ನೀರನ್ನು ಸಂಗ್ರಹಿಸಲು ಸಲಹೆ ನೀಡಲಾಗುತ್ತದೆ. ದಯವಿಟ್ಟು ಎಲ್ಲಾ ನಲ್ಲಿಗಳು ಮುಚ್ಚಲ್ಪಟ್ಟಿವೆ ಎಂದು ಖಚಿತಪಡಿಸಿಕೊಳ್ಳಿ. ಮನೆಕೆಲಸದವಳಿಗೆ ಮತ್ತು ಚಾಲಕನಿಗೆ ಅದಕ್ಕೆ ಅನುಗುಣವಾಗಿ ಸೂಚಿಸಬೇಕು. ನಿಮ್ಮ ಸಹಕಾರವನ್ನು ಹೆಚ್ಚು ಪ್ರಶಂಸಿಸಲಾಗುತ್ತದೆ."

ಒಂದೊಂದು ವಾಕ್ಯದಲ್ಲೂ ಒಂದೊಂದು ಬಗೆಯ ಎಡವಟ್ಟು ಇದೆ. ಅಮಾನತು ಆಗುವುದು ನೌಕರರು, ನೀರಲ್ಲ. ನೀರಿಗೋ ಕರೆಂಟಿಗೋ ಪತ್ರಿಕೆಗಳು ಬಹಳ ಕಾಲದಿಂದ ಬಳಸಿಕೊಂಡು ಬಂದ ಮಾತು 'ವ್ಯತ್ಯಯ'. ನೀರೇ ಇಲ್ಲ ಎಂದಾದರೆ 'ನೀರು ಇರುವುದಿಲ್ಲ' ಎಂದರೆ ಸಾಕು, ಅದರಲ್ಲಿ ಗಾಂಭೀರ್ಯ ಏನೂ ಕಡಿಮೆಯಾಗುವುದಿಲ್ಲ. 'ಮುಚ್ಚಲ್ಪಟ್ಟಿವೆ ಎಂದು ಖಚಿತಪಡಿಸಿಕೊಳ್ಳಿ' ಎನ್ನುವುದು ಇಂಗ್ಲಿಷಿನ ನಡೆ; ಕನ್ನಡದವರು 'ಮುಚ್ಚಿಡಿ' ಎನ್ನುತ್ತಾರೆ. ಸಹಕಾರವನ್ನು ಯಾರೂ ಪ್ರಶಂಸಿಸುವುದಿಲ್ಲ. 'ಸಹಕರಿಸಬೇಕಾಗಿ ವಿನಂತಿ' ಎನ್ನುತ್ತೇವೆ.

ಇವೆಲ್ಲ ಕಣ್ಣಿಗೆ ಕಾಣುವ ತಪ್ಪುಗಳು, ಕನ್ನಡ ಬಲ್ಲ ಯಾರೂ ತಿದ್ದಬಲ್ಲರು. ನಾನು ಹೆಚ್ಚು ಹೇಳಬೇಕೆಂದಿರುವುದು ಅಷ್ಟು ಸುಲಭವಾಗಿ ಕಾಣದ ಎರಡು ವಿಷಯಗಳ ಬಗ್ಗೆ: ಪ್ರಕಟಣೆಯ ಧ್ವನಿ ಮತ್ತು ಅದರ ಮರ್ಯಾದೆ.

ಧ್ವನಿಯಿಂದ ಶುರು ಮಾಡೋಣ. ಕನ್ನಡದ ಆಡಳಿತ ಬರವಣಿಗೆಯಲ್ಲಿ ಯಾರು ಯಾರಿಗೆ ಹೇಳುತ್ತಿದ್ದಾರೆ ಎನ್ನುವುದು ವಾಕ್ಯದ ಕೊನೆಯ ಪದದಲ್ಲಿ ಗೊತ್ತಾಗಿಬಿಡುತ್ತದೆ. ಪ್ರಾರ್ಥಿಸುತ್ತೇನೆ, ಕೋರುತ್ತೇವೆ, ವಿನಂತಿಸಲಾಗಿದೆ, ತಿಳಿಸಲಾಗಿದೆ, ಸೂಚಿಸಲಾಗಿದೆ, ತಾಕೀತು ಮಾಡಲಾಗಿದೆ. ಈ ಸಾಲಿನಲ್ಲಿ ಎಡದಿಂದ ಬಲಕ್ಕೆ ಹೋದಂತೆ ಬರೆಯುವವರ ಕುರ್ಚಿ ಎತ್ತರವಾಗುತ್ತಾ ಹೋಗುತ್ತದೆ. ರಜೆ ಕೇಳುವ ನೌಕರರು 'ಮಂಜೂರು ಮಾಡಬೇಕಾಗಿ ಪ್ರಾರ್ಥನೆ' ಎಂದು ಬರೆಯುತ್ತಾರೆ. ಶಾಲೆ ಪೋಷಕರಿಗೆ 'ವಿನಂತಿ' ಎನ್ನುತ್ತದೆ. ಮೇಲಧಿಕಾರಿ ಕೆಳಗಿನ ಸಿಬ್ಬಂದಿಗೆ 'ಸೂಚಿಸಲಾಗಿದೆ' ಎನ್ನುತ್ತಾರೆ. ಒಮ್ಮೆ ಸೂಚಿಸಿಯೂ ಕೇಳದವರಿಗೆ ತಾಕೀತು. ನಮ್ಮ ಕಚೇರಿಗಳ ಸುತ್ತೋಲೆಗಳನ್ನು ಓದಿ ಬೆಳೆದವರಿಗೆ ಈ ಏಣಿಯನ್ನು ಯಾರೂ ಕಲಿಸಬೇಕಿಲ್ಲ.

ಇಂಗ್ಲಿಷ್ ಪ್ರಕಟಣೆಗಳಿಗೂ ಒಂದು ಏಣಿ ಇದೆ, ಆದರೆ ಮೆಟ್ಟಿಲುಗಳು ಇದೇ ಎತ್ತರದಲ್ಲಿ ಇಲ್ಲ. ಅಲ್ಲಿಯ 'ಅಡ್ವೈಸ್ಡ್' ನಿಜವಾಗಿ ಸಲಹೆಯಲ್ಲ, 'ಹೀಗೆ ಮಾಡಿ, ಮಾಡದಿದ್ದರೆ ನಿಮಗೇ ಕಷ್ಟ' ಎನ್ನುವ ಮಾತು. ಅದನ್ನು 'ಸಲಹೆ ನೀಡಲಾಗುತ್ತದೆ' ಎಂದು ಇಳಿಸಿದರೆ ಕನ್ನಡದಲ್ಲಿ ಅದು ಬೇಕಾದರೆ ಪಾಲಿಸಬಹುದಾದ ಮಾತಾಗುತ್ತದೆ. ಇತ್ತ 'ಸೂಚಿಸಲಾಗಿದೆ' ಎಂದರೆ ಸಂಘದ ಕಾರ್ಯದರ್ಶಿಗಳು ತಮ್ಮಂತೆಯೇ ಮನೆ ಕೊಂಡ ನೆರೆಯವರ ಮೇಲೆ ಅಧಿಕಾರಿಯ ಹಾಗೆ ಕೂತುಬಿಡುತ್ತಾರೆ. ನೀರು ಹಿಡಿದಿಟ್ಟುಕೊಳ್ಳುವ ವಿಷಯದಲ್ಲಿ ಸರಿಯಾದ ಮೆಟ್ಟಿಲು 'ಕೋರುತ್ತೇವೆ'. ದಂಡದ ವಾಕ್ಯ ಮಾತ್ರ ಬೇರೆ. ಅಲ್ಲಿ ಕೋರಿಕೆ ಬಂದರೆ ನಿಯಮ ಸಡಿಲವಾಗುತ್ತದೆ. 'ದಂಡ ವಿಧಿಸಲಾಗುವುದು' ಎಂದೇ ಇರಬೇಕು. ಮೂಲದಲ್ಲಿ 'ಶಲ್' ಇದ್ದರೆ 'ವಿಧಿಸಲಾಗುವುದು', 'ಮೇ' ಇದ್ದರೆ 'ವಿಧಿಸಬಹುದು'. ಧಾಟಿಯನ್ನು ಮೃದು ಮಾಡು ಎಂದು ಕೇಳಿದಾಗ ಚಾಟ್‌ಬಾಟ್‌ಗಳು ಮೊದಲನೆಯದನ್ನು ಎರಡನೆಯದಾಗಿ ಬದಲಿಸಿಬಿಡುವುದು ಉಂಟು. ಆಗ ಕನ್ನಡ ಓದಿದವರಿಗೆ ಒಂದು ನಿಯಮ, ಇಂಗ್ಲಿಷ್ ಓದಿದವರಿಗೆ ಇನ್ನೊಂದು ನಿಯಮ ಆಗುತ್ತದೆ. ಒಂದೇ ಪ್ರಕಟಣೆಯೊಳಗೆ ಕೋರಿಕೆ ಎಲ್ಲಿ ನಿಲ್ಲುತ್ತದೆ, ಕಟ್ಟುಪಾಡು ಎಲ್ಲಿ ಶುರುವಾಗುತ್ತದೆ ಎನ್ನುವುದನ್ನು ಬರೆಸುವವರು ಮೊದಲೇ ತೀರ್ಮಾನಿಸಿಕೊಂಡಿರಬೇಕು.

'ದಯವಿಟ್ಟು' ಎನ್ನುವುದರ ಕಥೆಯೂ ಇಲ್ಲೇ ಬರುತ್ತದೆ. ಇಂಗ್ಲಿಷಿನಲ್ಲಿ ವಾಕ್ಯಕ್ಕೊಂದು 'ಪ್ಲೀಸ್' ಅಥವಾ 'ಕೈಂಡ್ಲಿ' ಇಲ್ಲದಿದ್ದರೆ ಒರಟಾಗುತ್ತದೆ. ಕನ್ನಡದಲ್ಲಿ ಆ ಕೆಲಸವನ್ನು ಕ್ರಿಯಾಪದವೇ ಮಾಡಿಬಿಡುತ್ತದೆ. 'ಮುಚ್ಚಿಡಿ' ಎಂದಾಗಲೇ ಬಹುವಚನದ ಗೌರವ ಬಂದಾಯಿತು. ಆರು ವಾಕ್ಯದಲ್ಲಿ ಆರು 'ದಯವಿಟ್ಟು' ಬಂದರೆ ವಿನಯಕ್ಕಿಂತ ಗೋಗರೆತದಂತೆ ಕೇಳುತ್ತದೆ. ಇಡೀ ಪ್ರಕಟಣೆಗೆ ಒಂದು ಸಾಕು, ಕೊನೆಯಲ್ಲಿ 'ವಿನಂತಿ' ಇದ್ದರೆ ಅದೂ ಬೇಡ.

ಇನ್ನು ಮರ್ಯಾದೆಯ ವಿಷಯ. ಚಾಟ್‌ಬಾಟ್ ಯಾಕೆ 'ಹೊಣೆಗಾರನಾಗಿರುತ್ತಾನೆ' ಎಂದು ಬರೆಯಿತು? ಇಂಗ್ಲಿಷಿನ 'ಎನಿ ರೆಸಿಡೆಂಟ್' ಏಕವಚನ. ಆ ಭಾಷೆಯ ಕ್ರಿಯಾಪದಕ್ಕೆ ಲಿಂಗವೂ ಇಲ್ಲ, ಗೌರವವೂ ಇಲ್ಲ. ಕನ್ನಡದಲ್ಲಿ ವಾಕ್ಯ ಮುಗಿಯಬೇಕಾದರೆ ಎರಡನ್ನೂ ಹೇಳಲೇಬೇಕು. ಮೂಲದಲ್ಲಿ ಇಲ್ಲದ ಮಾಹಿತಿಯನ್ನು ಯಂತ್ರ ಊಹಿಸಬೇಕಾಗುತ್ತದೆ, ಊಹೆ ಬಹಳ ಸಲ ಏಕವಚನದ ಪುಲ್ಲಿಂಗಕ್ಕೆ ಹೋಗಿ ನಿಲ್ಲುತ್ತದೆ. ಪರಿಹಾರ ಕನ್ನಡದೊಳಗೇ ಇದೆ: ಮನುಷ್ಯರ ಮಾತು ಬಂದಲ್ಲೆಲ್ಲ ಬಹುವಚನ. 'ನೀರು ಹಿಡಿದವರಿಗೆ ದಂಡ ವಿಧಿಸಲಾಗುವುದು' ಎಂದರೆ ಗಂಡು ಹೆಣ್ಣು ಎಂಬ ಪ್ರಶ್ನೆಯೂ ಮುಗಿಯಿತು, ಮರ್ಯಾದೆಯೂ ಉಳಿಯಿತು.

ಆದರೆ ಇದಕ್ಕಿಂತ ನನಗೆ ನೋವಾಗುವುದು ಮನೆಗೆಲಸದವರ ವಾಕ್ಯ. ಇಂಗ್ಲಿಷಿನಲ್ಲಿ ಡಾಕ್ಟರೂ ಡ್ರೈವರೂ ವ್ಯಾಕರಣದ ಮಟ್ಟಿಗೆ ಒಂದೇ. ಕನ್ನಡಕ್ಕೆ ಬರುವಾಗ ಹಲವು ಸಲ 'ವೈದ್ಯರು' ಬಹುವಚನದಲ್ಲಿ ಬರುತ್ತಾರೆ, 'ಚಾಲಕನು', 'ಕಾವಲುಗಾರನು', 'ಕೆಲಸದವಳು' ಏಕವಚನದಲ್ಲಿ ಬರುತ್ತಾರೆ. ಇದನ್ನು ಯಂತ್ರ ತಾನಾಗಿ ಕಂಡುಹಿಡಿದದ್ದಲ್ಲ. ನಾವೇ ಬರೆದ ಕನ್ನಡವನ್ನು ಓದಿ ಕಲಿತದ್ದು. ಸುದ್ದಿಗಳಲ್ಲಿ, ಕಥೆಗಳಲ್ಲಿ, ಹಳೆಯ ಕಡತಗಳಲ್ಲಿ ಕೆಲಸ ನೋಡಿ ಮರ್ಯಾದೆ ಕೊಟ್ಟವರು ನಾವು. ಈಗ ಅದೇ ಬೋರ್ಡಿನ ಎದುರು ದಿನಕ್ಕೆ ಹನ್ನೆರಡು ಗಂಟೆ ಕೂರುವ ಸೆಕ್ಯುರಿಟಿಯವರು ಆ ಪ್ರಕಟಣೆ ಓದುತ್ತಾರೆ. ಎಷ್ಟೋ ಕಟ್ಟಡಗಳಲ್ಲಿ ಕನ್ನಡ ಪ್ರತಿಯ ಮುಖ್ಯ ಓದುಗರು ಮನೆ ಮಾಲೀಕರಲ್ಲ, ಇವರೇ. 'ಮನೆಗೆಲಸಕ್ಕೆ ಬರುವವರು', 'ಚಾಲಕರು', 'ಭದ್ರತಾ ಸಿಬ್ಬಂದಿ' ಎಂದು ಬರೆಯುವುದಕ್ಕೆ ಹೆಚ್ಚು ಖರ್ಚೇನೂ ಇಲ್ಲ. ಇದನ್ನು ಚಾಟ್‌ಬಾಟ್‌ನ ಊಹೆಗೆ ಬಿಡಬಾರದು, ಬಿಡಿಸಿ ಹೇಳಬೇಕು.

ಓದುಗರನ್ನು ನೇರವಾಗಿ ಕರೆಯುವುದು 'ನೀವು' ಎಂದೋ 'ತಾವು' ಎಂದೋ? ಎರಡೂ ಸರಿ. ಸರ್ಕಾರಿ ಪತ್ರ, ಆಹ್ವಾನ ಪತ್ರಿಕೆ, ಹಿರಿಯರೊಬ್ಬರಿಗೆ ಬರೆದ ಪತ್ರ ಇವಕ್ಕೆ 'ತಾವು' ಒಪ್ಪುತ್ತದೆ. ನೆರೆಹೊರೆಯವರ ಬೋರ್ಡಿಗೆ 'ನೀವು' ಸಾಕು. ಕೆಡುವುದು ಎರಡೂ ಬೆರೆತಾಗ. ಮೊದಲ ಪ್ಯಾರಾದಲ್ಲಿ 'ತಮ್ಮ ಮನೆ', ಎರಡನೆಯದರಲ್ಲಿ 'ನಿಮ್ಮ ವಾಹನ', ಮೂರನೆಯದರಲ್ಲಿ ಮತ್ತೆ 'ತಾವು'. ಎರಡು ಮೂರು ಪುಟದ ಪ್ರಕಟಣೆಗಳಲ್ಲಿ ಇದು ಹೆಚ್ಚಾಗಿ ಆಗುತ್ತದೆ. ಒಂದಷ್ಟು ದೂರ ಹೋದ ಮೇಲೆ ಚಾಟ್‌ಬಾಟ್ ಮೊದಲು ಹಿಡಿದ ರೂಪವನ್ನು ಬಿಟ್ಟುಬಿಡುತ್ತದೆ. ಜೊತೆಗೆ 'ತಮ್ಮ' ಎನ್ನುವುದಕ್ಕೆ ಕನ್ನಡದಲ್ಲಿ 'ಅವರವರ' ಎಂಬ ಅರ್ಥವೂ ಇರುವುದರಿಂದ 'ಸದಸ್ಯರು ತಮ್ಮ ಬಾಕಿ ಕಟ್ಟಬೇಕು' ಎಂಬಲ್ಲಿ ಅದು ಮರ್ಯಾದೆಯ 'ತಮ್ಮ' ಅಲ್ಲ. ಹುಡುಕಿ ಬದಲಿಸುವಾಗ ಇದನ್ನೂ 'ನಿಮ್ಮ' ಮಾಡಿದರೆ ವಾಕ್ಯ ಕೆಡುತ್ತದೆ.

ಹಳೆಯ ಅನುವಾದ ತಂತ್ರಾಂಶಕ್ಕೆ ಇದನ್ನೆಲ್ಲ ಹೇಳುವ ದಾರಿ ಇರಲಿಲ್ಲ. ಪೆಟ್ಟಿಗೆಗೆ ಇಂಗ್ಲಿಷ್ ಹಾಕಿದರೆ ಪಕ್ಕದಲ್ಲಿ ಕನ್ನಡ ಬೀಳುತ್ತಿತ್ತು, ಅಷ್ಟೇ. ಚಾಟ್‌ಬಾಟ್‌ನ ನಿಜವಾದ ಉಪಯೋಗ ಇರುವುದೇ ಇಲ್ಲಿ: ಅದಕ್ಕೆ ಹಿನ್ನೆಲೆ ಹೇಳಬಹುದು. ನಮ್ಮ ನೀರಿನ ಪ್ರಕಟಣೆಗೆ ನಾನು ಕನ್ನಡದಲ್ಲೇ ಕೊಡುವ ಸೂಚನೆ ಹೀಗಿರುತ್ತದೆ:

"ಕೆಳಗಿನ ಇಂಗ್ಲಿಷ್ ಪ್ರಕಟಣೆಯನ್ನು ಓದಿ, ಅದೇ ವಿಷಯವನ್ನು ಕನ್ನಡದಲ್ಲಿ ಹೊಸದಾಗಿ ಬರೆಯಿರಿ, ವಾಕ್ಯಕ್ಕೆ ವಾಕ್ಯ ಅನುವಾದ ಬೇಡ. ಬರೆಯುತ್ತಿರುವುದು ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ. ಓದುವವರು ಮನೆ ಮಾಲೀಕರು, ಬಾಡಿಗೆದಾರರು, ಭದ್ರತಾ ಸಿಬ್ಬಂದಿ, ಮನೆಗೆಲಸಕ್ಕೆ ಬರುವವರು. ಓದುಗರನ್ನು ಉದ್ದಕ್ಕೂ 'ನೀವು' ಎಂದೇ ಕರೆಯಿರಿ. ಯಾರನ್ನೂ, ಅವರ ಕೆಲಸ ಯಾವುದೇ ಇರಲಿ, ಏಕವಚನದಲ್ಲಿ ಬರೆಯಬೇಡಿ. ಕೋರಿಕೆಗೆ 'ಕೋರುತ್ತೇವೆ', ದಂಡಕ್ಕೆ 'ವಿಧಿಸಲಾಗುವುದು'. ಸಂಪು, ಟ್ಯಾಂಕ್, ನಲ್ಲಿ ಎಂಬ ಪದಗಳನ್ನು ಹಾಗೆಯೇ ಉಳಿಸಿ. ಮೂಲದಲ್ಲಿ ಇಲ್ಲದ ಯಾವ ಮಾಹಿತಿಯನ್ನೂ ಸೇರಿಸಬೇಡಿ, ಇರುವುದನ್ನು ಬಿಡಬೇಡಿ."

ಇದರ ಕೆಳಗೆ ಸಂಘದ್ದೇ ಒಂದೆರಡು ಹಳೆಯ, ಚೆನ್ನಾಗಿ ಬರೆದ ಕನ್ನಡ ಪ್ರಕಟಣೆಗಳನ್ನು ಮಾದರಿಯಾಗಿ ಅಂಟಿಸುತ್ತೇನೆ. ಎಲ್ಲ ಸೂಚನೆಗಳಿಗಿಂತ ಹೆಚ್ಚು ಕೆಲಸ ಮಾಡುವುದು ಈ ಮಾದರಿಯೇ. 'ಗೌರವಯುತವಾಗಿ, ಔಪಚಾರಿಕವಾಗಿ ಬರೆ' ಎಂದು ಮಾತ್ರ ಹೇಳಿದರೆ ಚಾಟ್‌ಬಾಟ್ ಸಂಸ್ಕೃತ ಪದಗಳನ್ನು ತುಂಬಿಕೊಂಡು ಬರುತ್ತದೆ, 'ಜಲ ಸಂಗ್ರಹಣಾ ತೊಟ್ಟಿಗಳ ಶುಚೀಕರಣ ಕಾರ್ಯ' ಎನ್ನುವ ಮಟ್ಟಕ್ಕೆ ಹೋಗುತ್ತದೆ. ಇಲ್ಲವೇ 'ಸದರಿ', 'ಮೇಲ್ಕಂಡ', 'ಕ್ರಮ ಕೈಗೊಳ್ಳತಕ್ಕದ್ದು' ಎಂಬ ತಾಲ್ಲೂಕು ಕಚೇರಿಯ ಕನ್ನಡಕ್ಕೆ ಇಳಿಯುತ್ತದೆ. ಆ ಕನ್ನಡ ತನ್ನ ಜಾಗದಲ್ಲಿ ಸರಿ. ಸರ್ಕಾರಿ ಆದೇಶವೊಂದನ್ನು ಕನ್ನಡಕ್ಕೆ ತರುವಾಗ ಮಾದರಿಯಾಗಿ ಕೊಡಬೇಕಾದದ್ದು ಅದೇ ಇಲಾಖೆಯ ಕನ್ನಡ ಸುತ್ತೋಲೆಗಳನ್ನು. ಲಿಫ್ಟಿನ ಪಕ್ಕದ ಬೋರ್ಡಿಗೆ ಅದು ಬೇಡ. ಊರು ಬದಲಾದರೆ ಪದಪಟ್ಟಿಯೂ ಬದಲಾಗಬೇಕು. ಹುಬ್ಬಳ್ಳಿಯ ಕಟ್ಟಡದಲ್ಲಿ 'ನಲ್ಲಿ'ಗಿಂತ 'ನಳ' ಜನರ ಬಾಯಲ್ಲಿರುವ ಮಾತು.

ಮನೆ ನಂಬರು, ಬಾಕಿ ಉಳಿಸಿಕೊಂಡವರ ಹೆಸರು, ಫೋನ್ ನಂಬರುಗಳನ್ನು ಚಾಟ್‌ಬಾಟ್‌ಗೆ ಅಂಟಿಸಬೇಡಿ. ಆ ಜಾಗದಲ್ಲಿ 'ಹೆಸರು-1', 'ಮನೆ-1' ಎಂದು ಇಟ್ಟು, ಕರಡು ಬಂದ ಮೇಲೆ ನೀವೇ ತುಂಬಿಕೊಳ್ಳಿ. ತುಂಬುವಾಗ ಹೆಸರಿನ ಹಿಂದೆ 'ಶ್ರೀ' ಅಥವಾ 'ಶ್ರೀಮತಿ', ಮುಂದೆ 'ಅವರು' ಬಂದಿದೆಯೇ, ಕ್ರಿಯಾಪದ ಅದಕ್ಕೆ ಹೊಂದಿದೆಯೇ ನೋಡಬೇಕು.

ಇಷ್ಟು ಮಾಡಿ, ಬಂದ ಕರಡನ್ನು ತಿದ್ದಿದ ಮೇಲೆ ಪ್ರಕಟಣೆ ಹೀಗೆ ನಿಲ್ಲುತ್ತದೆ:

"ಮಾನ್ಯ ನಿವಾಸಿಗಳೇ, ಇದೇ 14ರ ಶನಿವಾರ ಬೆಳಿಗ್ಗೆ 10ರಿಂದ ಸಂಜೆ 4 ಗಂಟೆಯವರೆಗೆ ನಮ್ಮ ಕಟ್ಟಡದಲ್ಲಿ ನೀರು ಇರುವುದಿಲ್ಲ. ಸಂಪು ಮತ್ತು ಮೇಲಿನ ಟ್ಯಾಂಕ್‌ಗಳನ್ನು ಅಂದು ಸ್ವಚ್ಛಗೊಳಿಸಲಾಗುತ್ತದೆ. ಬೇಕಾಗುವಷ್ಟು ನೀರನ್ನು ಮುಂಚಿತವಾಗಿಯೇ ಹಿಡಿದಿಟ್ಟುಕೊಳ್ಳಬೇಕಾಗಿ ಕೋರುತ್ತೇವೆ. ಆ ಹೊತ್ತಿನಲ್ಲಿ ಮನೆಯ ಎಲ್ಲ ನಲ್ಲಿಗಳನ್ನು ಮುಚ್ಚಿಡಿ. ತೆರೆದಿಟ್ಟ ನಲ್ಲಿಯಿಂದ ಆಗುವ ಹಾನಿಗೆ ಸಂಘ ಹೊಣೆಯಲ್ಲ. ಆವರಣದ ನಲ್ಲಿಗಳಿಂದ ಈ ಅವಧಿಯಲ್ಲಿ ನೀರು ಹಿಡಿಯುವಂತಿಲ್ಲ. ಹಿಡಿದವರಿಗೆ 500 ರೂಪಾಯಿ ದಂಡ ವಿಧಿಸಲಾಗುವುದು. ನಿಮ್ಮಲ್ಲಿ ಮನೆಗೆಲಸಕ್ಕೆ ಬರುವವರಿಗೂ ಚಾಲಕರಿಗೂ ಈ ವಿಷಯ ತಿಳಿಸಿ. ಇದರಿಂದ ಆಗುವ ತೊಂದರೆಗೆ ವಿಷಾದಿಸುತ್ತೇವೆ. ಸಹಕರಿಸಬೇಕಾಗಿ ವಿನಂತಿ. ಇಂತಿ, ಕಾರ್ಯದರ್ಶಿ."

ಮೂಲದಲ್ಲಿ ಕಾರಣ ಮತ್ತು ನೀರಿಲ್ಲ ಎನ್ನುವ ಸುದ್ದಿ ಒಂದೇ ಉದ್ದ ವಾಕ್ಯದಲ್ಲಿದ್ದವು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಅಂಥ ವಾಕ್ಯವನ್ನು ಹಾಗೇ ತಂದರೆ ಓದುವವರು ಸಂಪು, ಟ್ಯಾಂಕು, ಕಾರಣ ಎಲ್ಲ ದಾಟಿ ಕೊನೆಯಲ್ಲಿ ಸುದ್ದಿ ತಿಳಿಯಬೇಕಾಗುತ್ತದೆ. ಎರಡಾಗಿ ಒಡೆದು, ಸುದ್ದಿಯನ್ನು ಮುಂದಿಟ್ಟರೆ ಮೊದಲ ಸಾಲು ಓದಿ ಲಿಫ್ಟ್ ಹತ್ತಿದವರಿಗೂ ಬೇಕಾದದ್ದು ಸಿಕ್ಕಿರುತ್ತದೆ. ಒಂದು ಕರಡಿನಲ್ಲಿ 'ಮುಂಚಿತವಾಗಿ' ಎನ್ನುವುದು 'ಶುಕ್ರವಾರ ರಾತ್ರಿಯೇ' ಎಂದಾಗಿದ್ದರೆ ಕಿವಿಗೆ ಅದು ಇನ್ನೂ ಚಂದ. ಆದರೂ ತೆಗೆಯಬೇಕು, ಏಕೆಂದರೆ ಮೂಲದಲ್ಲಿ ಅದಿಲ್ಲ. ಹಾಗೆ ಬರೆಯುವುದೇ ಒಳ್ಳೆಯದು ಅನಿಸಿದರೆ ಕಾರ್ಯದರ್ಶಿಗಳನ್ನು ಕೇಳಿ ಇಂಗ್ಲಿಷ್ ಪ್ರತಿಯಲ್ಲೂ ಹಾಕಬೇಕು. ಚಂದದ ಕನ್ನಡದೊಳಗೆ ಸೇರಿಕೊಂಡ ಹೊಸ ಮಾಹಿತಿಯನ್ನು ಹಿಡಿಯುವುದು ಒಡ್ಡು ಕನ್ನಡದ ತಪ್ಪನ್ನು ಹಿಡಿಯುವುದಕ್ಕಿಂತ ಕಷ್ಟ.

ಇನ್ನು ಪರೀಕ್ಷಿಸುವ ಕ್ರಮ. ಮೊದಲು ಸಂಖ್ಯೆಗಳು: ತಾರೀಕು, ವಾರ, ಗಂಟೆ, ಮೊತ್ತ. ಗಂಟೆಯ ವಿಷಯದಲ್ಲಿ ಎರಡು ಕಡೆ ವಿಶೇಷವಾಗಿ ಎಡವುತ್ತದೆ. ಇಂಗ್ಲಿಷಿನ '12 ಎಎಂ' ಎಂಬುದು 'ಬೆಳಿಗ್ಗೆ 12' ಆಗಬಹುದು, ಆಗಬೇಕಾದದ್ದು ಮಧ್ಯರಾತ್ರಿ. ಇನ್ನೊಂದು, '30ನೇ ತಾರೀಕಿನೊಳಗೆ ಕಟ್ಟಬೇಕು' ಎನ್ನುವುದು '30ನೇ ತಾರೀಕಿನವರೆಗೆ ಕಟ್ಟಬೇಕು' ಎಂದಾದರೆ ಗಡುವಿನ ಮಾತು ಅವಧಿಯ ಮಾತಾಗುತ್ತದೆ. ಸಂಖ್ಯೆಗಳ ನಂತರ 'ಇಲ್ಲ', 'ಕೂಡದು', 'ಹೊರತು', 'ಮಾತ್ರ' ಎಂಬ ಪದಗಳನ್ನು ಒಂದೊಂದಾಗಿ ಮೂಲದ ಜೊತೆ ಹೋಲಿಸಿ. ಬಾಕಿ ಕಟ್ಟದ ಹೊರತು ಸೌಲಭ್ಯ ಇಲ್ಲ ಎಂಬಂಥ ಎರಡು ನಿಷೇಧದ ವಾಕ್ಯಗಳಲ್ಲಿ ಒಂದು 'ಇಲ್ಲ' ಜಾರಿದರೂ ಅರ್ಥ ತಿರುಗಿಬೀಳುತ್ತದೆ.

ಅನೇಕರು ಇಲ್ಲಿ ಒಂದು ಉಪಾಯ ಹೇಳುತ್ತಾರೆ: ಬಂದ ಕನ್ನಡವನ್ನು ಇನ್ನೊಂದು ಹೊಸ ಚಾಟಿನಲ್ಲಿ ಹಾಕಿ ಇಂಗ್ಲಿಷಿಗೆ ತಿರುಗಿಸಿ ನೋಡಿ, ಮೂಲಕ್ಕೆ ಹೊಂದಿದರೆ ಸರಿ. ವಿಷಯ ಬಿಟ್ಟುಹೋಗಿದೆಯೇ, ಸಂಖ್ಯೆ ಬದಲಾಗಿದೆಯೇ ಎಂದು ತಿಳಿಯಲು ಇದು ಉಪಯೋಗಕ್ಕೆ ಬರುತ್ತದೆ. ಆದರೆ ಮರ್ಯಾದೆಯ ವಿಷಯದಲ್ಲಿ ಈ ಪರೀಕ್ಷೆಗೆ ಕಣ್ಣೇ ಇಲ್ಲ. 'ಚಾಲಕನಿಗೆ ಹೇಳು', 'ಚಾಲಕರಿಗೆ ತಿಳಿಸಿ', 'ಚಾಲಕರಿಗೆ ತಿಳಿಸಬೇಕಾಗಿ ವಿನಂತಿ' ಈ ಮೂರೂ ಇಂಗ್ಲಿಷಿಗೆ ಹೋದಾಗ ಹೆಚ್ಚುಕಡಿಮೆ ಒಂದೇ ವಾಕ್ಯವಾಗಿ ಬರುತ್ತವೆ. ನಿವಾಸಿಗಳನ್ನು 'ಹೊಣೆಗಾರನಾಗಿರುತ್ತಾನೆ' ಎಂದು ಬರೆದ ಪ್ರಕಟಣೆಯೂ ಈ ಪರೀಕ್ಷೆಯಲ್ಲಿ ಪೂರ್ಣ ಅಂಕ ತೆಗೆದುಕೊಂಡು ಪಾಸಾಗಿಬಿಡಬಹುದು. ಇಂಗ್ಲಿಷ್ ಮಾತ್ರ ಬಲ್ಲ ಕಾರ್ಯದರ್ಶಿ ಇದನ್ನೇ ನಂಬಿ ಅಂಟಿಸಿದರೆ ಮೋಸಹೋಗುತ್ತಾರೆ.

ಮರ್ಯಾದೆಯನ್ನು ಪರೀಕ್ಷಿಸಲು ಕನ್ನಡ ಪ್ರತಿಯಲ್ಲೇ ಹುಡುಕಬೇಕು. ಫೋನಿನ 'ಹುಡುಕು' ಸೌಲಭ್ಯದಲ್ಲಿ 'ತ್ತಾನೆ', 'ತ್ತಾಳೆ', 'ವನು', 'ವಳು', 'ನಿಗೆ', 'ಳಿಗೆ' ಎಂಬ ತುದಿಗಳನ್ನು ಹಾಕಿ ನೋಡಿ. 'ನಿವಾಸಿಗಳಿಗೆ' ಎಂಬ ಸರಿಯಾದ ರೂಪವೂ ಸಿಕ್ಕುತ್ತದೆ, ಅದನ್ನು ಬಿಡಿ. ಉಳಿದವು ಎಲ್ಲಿವೆ ಎಂದು ಗೊತ್ತಾಗುತ್ತದೆ. ಹಾಗೆಯೇ 'ಲ್ಪಡ', 'ಲ್ಪಟ್ಟ', 'ಸುವಿಕೆ' ಹಾಕಿದರೆ ಇಂಗ್ಲಿಷಿನ ನಡೆ ಉಳಿದ ವಾಕ್ಯಗಳು ಸಿಕ್ಕಿಬೀಳುತ್ತವೆ. ಕೊನೆಗೆ ಇಂಗ್ಲಿಷ್ ಪ್ರತಿ ನೋಡದ ಒಬ್ಬರ ಎದುರು ಗಟ್ಟಿಯಾಗಿ ಓದಿ. ಅವರು ಸೆಕ್ಯುರಿಟಿಯವರೇ ಆದರೆ ಇನ್ನೂ ಒಳ್ಳೆಯದು. 'ಶನಿವಾರ ನೀವೇನು ಮಾಡಬೇಕು?' ಎಂದು ಕೇಳಿ. ಅವರು ಹೇಳುವ ಉತ್ತರದಲ್ಲಿ ಪ್ರಕಟಣೆಯ ವಿಷಯ ತಿಳಿಯುತ್ತದೆ, ಓದುವಾಗ ಅವರ ಮುಖದಲ್ಲಿ ಅದರ ಧಾಟಿ ತಿಳಿಯುತ್ತದೆ.

ನೀರಿನ ಪ್ರಕಟಣೆಯಲ್ಲಿ ತಪ್ಪಾದರೆ ಒಂದು ದಿನದ ಕಿರಿಕಿರಿ. ಸಾವಿನ ಪ್ರಕಟಣೆಯಲ್ಲಿ ಹಾಗಲ್ಲ. 2025ರ ಜುಲೈನಲ್ಲಿ ಹಿರಿಯ ನಟಿ ಬಿ. ಸರೋಜಾದೇವಿ ಅವರು ನಿಧನರಾದಾಗ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಅಂತಿಮ ದರ್ಶನ ಪಡೆದ ಬಗ್ಗೆ ಕನ್ನಡದಲ್ಲಿ ಹಾಕಿದ ಸಂದೇಶವನ್ನು ಮೆಟಾ ಕಂಪನಿಯ ಸ್ವಯಂಚಾಲಿತ ಅನುವಾದ ಇಂಗ್ಲಿಷಿಗೆ ತಿರುಗಿಸಿದಾಗ, ನಿಧನರಾದವರು ಮುಖ್ಯಮಂತ್ರಿಗಳೇ ಎಂಬಂತೆ ಬಂತು. ಮುಖ್ಯಮಂತ್ರಿ ಕಚೇರಿ ಆಕ್ಷೇಪಿಸಿ ಪತ್ರ ಬರೆಯಿತು, ಕಂಪನಿ ಕ್ಷಮೆ ಕೇಳಿತು. ಅದು ಕನ್ನಡದಿಂದ ಇಂಗ್ಲಿಷಿಗೆ ಹೋದ ಕಥೆ. ಈ ಕಡೆಗೆ ಬರುವಾಗ ಅಪಾಯ ಬೇರೆ ಬಗೆಯದು. ಇಂಗ್ಲಿಷಿನ ಒಂದೇ ಮಾತಿಗೆ ನಮ್ಮಲ್ಲಿ ನಿಧನರಾದರು, ದೈವಾಧೀನರಾದರು, ಲಿಂಗೈಕ್ಯರಾದರು ಎಂದು ಹಲವು ರೂಪಗಳಿವೆ. ಕುಟುಂಬದ ಆಚಾರ, ನಂಬಿಕೆ ನೋಡಿ ಬಳಸುವ ಮಾತುಗಳು ಇವು. ಮನೆಯವರನ್ನು ಕೇಳದೆ ಚಾಟ್‌ಬಾಟ್ ಆರಿಸಿದ್ದನ್ನು ಹಾಕಬಾರದು. ಕೇಳಲು ಆಗದಿದ್ದರೆ 'ನಿಧನರಾದರು' ಎಲ್ಲರಿಗೂ ಒಪ್ಪುವ ರೂಪ.

ಚಾಟ್‌ಬಾಟ್‌ನಿಂದ ಮಾಡಿಸಲೇಬಾರದ ಪ್ರಕಟಣೆಗಳೂ ಇವೆ. ಮನೆ ಖಾಲಿ ಮಾಡಿಸುವ ನೋಟಿಸ್, ಕೆಲಸದಿಂದ ತೆಗೆಯುವ ನೋಟಿಸ್, ಸಾಲದ ಬಾಕಿಗೆ ಬ್ಯಾಂಕ್ ಕಳಿಸುವ ನೋಟಿಸ್, ಆಪರೇಷನ್ನಿಗೆ ಮುಂಚೆ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರ, ಇವುಗಳ ಒಂದೊಂದು ಪದದ ಮೇಲೂ ಯಾರದೋ ಹಕ್ಕು ನಿಂತಿರುತ್ತದೆ. ಓದಿ ಅರ್ಥಮಾಡಿಕೊಳ್ಳಲು ಮನೆಯಲ್ಲಿ ಚಾಟ್‌ಬಾಟ್ ನೆರವು ಪಡೆಯಬಹುದು. ಹೊರಡಿಸುವ ಪ್ರತಿಯನ್ನು ಕನ್ನಡ ಬಲ್ಲ ವಕೀಲರೋ ವೃತ್ತಿಪರ ಅನುವಾದಕರೋ ನೋಡಿರಬೇಕು. 'ವ್ಯತ್ಯಾಸ ಕಂಡಲ್ಲಿ ಇಂಗ್ಲಿಷ್ ಪ್ರತಿಯೇ ಅಂತಿಮ' ಎಂದು ಕೆಳಗೆ ಒಂದು ಸಾಲು ಸೇರಿಸಿ ಕೈತೊಳೆದುಕೊಳ್ಳುವ ರೂಢಿ ಹೆಚ್ಚುತ್ತಿದೆ. ಇಂಗ್ಲಿಷ್ ಓದಲು ಬಾರದವರಿಗಾಗಿಯೇ ಬರೆದ ಕಾಗದದಲ್ಲಿ ಆ ಸಾಲು ಹಾಕುವುದು ನ್ಯಾಯವಲ್ಲ ಎಂದು ನನ್ನ ಸ್ಪಷ್ಟ ಅಭಿಪ್ರಾಯ.

ಸಂಘ, ಶಾಲೆ, ಕಂಪನಿಗಳಲ್ಲಿ ಪ್ರಕಟಣೆ ಹೊರಡಿಸುವವರಲ್ಲಿ ಒಂದು ಕೋರಿಕೆ. ಇಂಗ್ಲಿಷ್ ಪ್ರತಿಗೆ ಸಹಿ ಹಾಕುವ ಮುಂಚೆ ನೀವು ಅದನ್ನು ಓದುತ್ತೀರಿ. ಕನ್ನಡ ಪ್ರತಿಯನ್ನೂ ಹಾಗೆಯೇ ಓದಿ ಸಹಿ ಹಾಕಿ. ನಿಮಗೆ ಕನ್ನಡ ಓದಲು ಬಾರದಿದ್ದರೆ, ಓದಬಲ್ಲ ಒಬ್ಬರ ಒಪ್ಪಿಗೆ ಸಿಗುವವರೆಗೆ ಅದನ್ನು ಬೋರ್ಡಿಗೆ ಹಾಕಬೇಡಿ.